ಕೈಗಾಡಿಯನ್ನು ತಳ್ಳುತ್ತಿದ್ದ ಮನುಷ್ಯ

ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ 1923ರಲ್ಲಿ ಪ್ರಕಟಿಸಿದ ಕೆಂಪು ಕೈಗಾಡಿಯ ಕವಿತೆಯಲ್ಲಿ ಇರುವುದು ಹದಿನಾರೇ ಪದ. ಒಂಟಿ ಚಕ್ರದ ಒಂದು ಗಾಡಿ, ಅದರ ಮೇಲೆ ಮಳೆನೀರಿನ ಮೆರುಗು, ಪಕ್ಕದಲ್ಲಿ ಬಿಳಿಯ ಕೋಳಿಗಳು. ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಕೂತವರಿಗೆಲ್ಲ ಇದರ ಬಗ್ಗೆ ಒಂದು ಮಾತು ಬಾಯಿಪಾಠ: ಇದು ಬರೀ ಚಿತ್ರ, ವಸ್ತುವನ್ನು ವಸ್ತುವಾಗಿಯೇ ಕಾಣುವ ಕವಿತೆ, ಇದರೊಳಗೆ ಭಾವನೆಯನ್ನು ಹುಡುಕಬಾರದು. ಚಿಂತನೆ ವಸ್ತುಗಳಲ್ಲೇ ಸಿಗಬೇಕು ಎಂಬ ಕವಿಯ ನಿಲುವನ್ನೇ ಇದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ಆ ನಿಲುವು ಚಿಂತನೆಗೆ ಜಾಗವನ್ನು ತೋರಿಸುತ್ತದೆಯೇ ಹೊರತು ಅದನ್ನು ಕವಿತೆಯಿಂದ ಓಡಿಸುವುದಿಲ್ಲ.

ಬರೀ ಚಿತ್ರವೇ ಕವಿಯ ಗುರಿಯಾಗಿದ್ದರೆ ಕವಿತೆ ಗಾಡಿಯಿಂದಲೇ ಶುರುವಾಗಬಹುದಿತ್ತು. ಹಾಗೆ ಆಗಿಲ್ಲ. ಮೊದಲ ನಾಲ್ಕು ಪದಗಳಲ್ಲಿ ನೋಟವೇ ಇಲ್ಲ, ಒಂದು ತೀರ್ಪಿದೆ: ಈ ಗಾಡಿಯನ್ನು ನೆಚ್ಚಿಕೊಂಡಿರುವುದು ಬಹಳವಿದೆ ಎಂಬ ತೀರ್ಪು. ಏನು ನೆಚ್ಚಿಕೊಂಡಿದೆ, ಯಾರ ಪಾಲಿಗೆ ಎಂಬುದನ್ನು ಕವಿ ಹೇಳುವುದಿಲ್ಲ. ಆ ನಾಲ್ಕು ಪದಗಳನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ ನೋಡಿ. ಅಂಗಳದ ಒಂದು ಫೋಟೋ ಸಿಗುತ್ತದೆ. ಬೆರಳು ತೆಗೆಯಿರಿ, ಅದೇ ಅಂಗಳದಲ್ಲಿ ಯಾರದೋ ಬದುಕಿನ ಭಾರ ಕಾಣಿಸಿಕೊಳ್ಳುತ್ತದೆ. ಚಿತ್ರವಾದಿಗಳು ಈ ಪದಗಳನ್ನು ಬರೀ ಪೀಠಿಕೆ ಎಂದುಕೊಂಡು ದಾಟಿಬಿಡುತ್ತಾರೆ. ಇಷ್ಟು ಚಿಕ್ಕ ಕವಿತೆಯಲ್ಲಿ ಕಾಲುಭಾಗವನ್ನು ಯಾವ ಕವಿಯೂ ಪೀಠಿಕೆಗೆ ಸುರಿಯುವುದಿಲ್ಲ.

ಇನ್ನು ವಸ್ತುವಿನ ಆಯ್ಕೆ. ಹೂವನ್ನೋ ಮೋಡವನ್ನೋ ನೋಡುವಾಗ ಮನುಷ್ಯ ನೆನಪಾಗಲೇಬೇಕೆಂದಿಲ್ಲ. ಕೈಗಾಡಿಗೆ ಎರಡು ಹಿಡಿಗಳಿವೆ, ಕೈ ತಾಗದೆ ಅದು ಒಂದು ಅಂಗುಲವೂ ಕದಲದು. ಅದರ ಮೇಲೆ ಮಳೆನೀರು ಹಾಗೇ ಮೆರುಗಾಗಿ ನಿಂತಿದೆಯೆಂದರೆ ಯಾರೂ ಅದನ್ನು ಈಗಷ್ಟೇ ಮುಟ್ಟಿಲ್ಲ, ಕೆಲಸ ನಿಂತಿದೆ. ದುಡಿಯುವ ಸಲಕರಣೆಯನ್ನು ತೋರಿಸಿ ದುಡಿಯುವವನನ್ನು ಮರೆಯಲ್ಲಿಟ್ಟಿರುವುದೇ ಈ ಕವಿತೆಯ ಮುಖ್ಯ ಕೆಲಸ. ಸಾಲುಗಳ ನಡಿಗೆಯೂ ಇದಕ್ಕೆ ಹೊಂದುತ್ತದೆ. ನಾಲ್ಕು ಚರಣ, ಪ್ರತಿಯೊಂದರಲ್ಲೂ ಮೂರು ಪದದ ಒಂದು ಸಾಲು, ಅದರ ಕೆಳಗೆ ಒಂದೇ ಪದದ ಇನ್ನೊಂದು. ಗಾಡಿಯ ಹೆಸರನ್ನೂ ಮಳೆನೀರನ್ನೂ ಸಾಲಿನ ತುದಿಯಲ್ಲಿ ಎರಡಾಗಿ ಮುರಿದಿದ್ದಾರೆ. ಕಣ್ಣು ಒಂದೇ ಸಲ ಗುಡಿಸಿಕೊಂಡು ಹೋಗದಂತೆ ಪ್ರತಿ ತುಣುಕಿನ ಮುಂದೆಯೂ ತಡೆದು ನಿಲ್ಲಿಸುವ ಏರ್ಪಾಡು ಇದು. ಬೇಕಾದವರ ವಸ್ತುವನ್ನಷ್ಟೇ ನಾವು ಹೀಗೆ ನೋಡುತ್ತೇವೆ.

ಭಾವನೆ ಬೇಕೆಂದವರು ಇನ್ನೊಂದು ಕಡೆಗೆ ವಾಲಿದರು. ವಿಲಿಯಮ್ಸ್ ವೃತ್ತಿಯಿಂದ ವೈದ್ಯರು, ನ್ಯೂಜೆರ್ಸಿಯ ರುದರ್‌ಫರ್ಡ್ ಊರಿನವರು. ಕಾಯಿಲೆಯ ಮಗುವಿನ ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡಿ ಇದನ್ನು ಬರೆದರು ಎಂಬ ಕಥೆ ಹುಟ್ಟಿಕೊಂಡಿತು, ಮೇಷ್ಟರುಗಳ ಬಾಯಲ್ಲಿ ಬೆಳೆಯಿತು. ಕವಿತೆಯೊಳಗೆ ಇದಕ್ಕೆ ಒಂದೇ ಒಂದು ಆಧಾರವಿಲ್ಲ. ಜೀವ ಹೋಗುವ ಆತಂಕ ಅಲ್ಲಿದ್ದರೆ ಲಯದಲ್ಲಿ ಎಲ್ಲೋ ಒಂದು ಕಡೆ ಕಂಪನ ಇರಬೇಕಿತ್ತು. ಇಲ್ಲಿರುವುದು ಸಮಾಧಾನದ ಉಸಿರಾಟ. ಹೊರಗಿನಿಂದ ಕಣ್ಣೀರು ತಂದು ಸುರಿದರೆ ಅದನ್ನು ಓದು ಎನ್ನಲಾಗದು.

ಕವಿಯೇ 1954ರಲ್ಲಿ ಬೇರೆ ಮಾತು ಹೇಳಿದ್ದರು. ಮಾರ್ಷಲ್ ಎಂಬ ವೃದ್ಧ ಕಪ್ಪು ಮನುಷ್ಯರ ಹಿತ್ತಲಿನಲ್ಲಿ ಆ ಗಾಡಿ, ಆ ಕೋಳಿಗಳನ್ನು ಕಂಡದ್ದು. ಅವರು ಹಿಂದೆ ಮೀನುಗಾರರಾಗಿದ್ದು, ಒಡೆದ ಮಂಜುಗಡ್ಡೆಯಲ್ಲಿ ನಿಂತು ಮೀನು ತುಂಬುತ್ತಿದ್ದ ಚಳಿಯ ಕಥೆಗಳನ್ನು ತನಗೆ ಹೇಳುತ್ತಿದ್ದದ್ದು. ಅವರ ಮೇಲಿನ ಅಕ್ಕರೆ ಹೇಗೋ ಬರಹದೊಳಗೆ ಸೇರಿಕೊಂಡಿರಬೇಕು ಎಂದರು. 2015ರಲ್ಲಿ ವಿಮರ್ಶಕ ವಿಲಿಯಂ ಲೋಗನ್ ಹಳೆಯ ದಾಖಲೆಗಳನ್ನು ಜಾಲಾಡಿ, ಅವರು ರುದರ್‌ಫರ್ಡಿನ ಬೀದಿ ವ್ಯಾಪಾರಿ ಥಾಡಿಯಸ್ ಮಾರ್ಷಲ್ ಎಂದು ಗುರುತಿಸಿದರು.

ಇಲ್ಲಿ ಒಂದು ಎಚ್ಚರ ಬೇಕು. ಮಾರ್ಷಲ್ ಅವರ ಜೀವನಚರಿತ್ರೆಯೇ ಕವಿತೆ ಎಂದು ನಾನು ಹೇಳುತ್ತಿಲ್ಲ. ಕವಿ ಬಾಯಿ ಬಿಡದಿದ್ದರೂ ಹಿಡಿಯನ್ನು ಹಿಡಿಯುವವನ ಮೇಲಿನ ಅಕ್ಕರೆ ಆ ಹದಿನಾರು ಪದಗಳಲ್ಲಿ ಓದಿಗೆ ಸಿಗುತ್ತಿತ್ತು. ಸಿಗದೆ ಹೋಗುತ್ತಿದ್ದದ್ದು ಹೆಸರು ಮಾತ್ರ. ಕವಿಯ ಹೇಳಿಕೆ ನಮ್ಮ ಓದನ್ನು ಪರೀಕ್ಷಿಸಲು ಉಪಯೋಗಕ್ಕೆ ಬರುತ್ತದೆ, ಓದಿನ ಬದಲಿಗೆ ಅಲ್ಲ. ಮಗುವಿನ ಕಥೆ ಆ ಪರೀಕ್ಷೆಯಲ್ಲಿ ಸೋಲುತ್ತದೆ, ಬರೀ ಚಿತ್ರ ಎಂಬ ಮಾತೂ ಸೋಲುತ್ತದೆ.

ಹಾಗೆಂದು ಕವಿತೆಯನ್ನು ಪೂರ್ತಿ ಕೊಂಡಾಡಲೂ ನನಗೆ ಮನಸ್ಸಿಲ್ಲ. ಅಕ್ಕರೆಯನ್ನು ಉಳಿಸಿಕೊಂಡ ಮೌನವೇ ಆ ಮನುಷ್ಯನ ಹೆಸರನ್ನು ನುಂಗಿತು. ಗಾಡಿ ಜಗತ್ತಿನ ತರಗತಿಗಳನ್ನೆಲ್ಲ ಸುತ್ತಿತು. ಅದರ ಒಡೆಯ ಮಾರ್ಷಲ್ 1930ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಸಿಕ್ಕಿದ್ದು 2015ರಲ್ಲಿ.