ನೋಟೀಸು ಮುಟ್ಟದ ಮಗಳು

ಗಡಹಿಂಗ್ಲಜ ಸೀಮೆಯ ಕನ್ನಡ ಮನೆಗಳಲ್ಲಿ ಯಜಮಾನ ತೀರಿಕೊಂಡ ಮೇಲೆ ಜಮೀನಿನ ಸಾತ್‌ಬಾರಾ ಉತಾರದಲ್ಲಿ ಮಕ್ಕಳ ಹೆಸರು ಏರಿಸುವುದಕ್ಕೆ ವಾರಸಾ ನೋಂದಣಿ ಎನ್ನುತ್ತಾರೆ. ಕರ್ನಾಟಕದ ಪೌತಿ ಖಾತೆಗೆ ಇದು ಅಣ್ಣತಮ್ಮ. ಮಹಾರಾಷ್ಟ್ರ ಭೂಕಂದಾಯ ಸಂಹಿತೆ, 1966 ಇದಕ್ಕೆ ಹಾಕಿಕೊಟ್ಟ ದಾರಿ ನೋಡಲು ನೇರವಾಗಿದೆ. ಹಕ್ಕು ಬಂದವರು ಮೂರು ತಿಂಗಳೊಳಗೆ ತಲಾಠಿಗೆ ತಿಳಿಸಬೇಕು. ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ, ತಲಾಠಿ ಪೋಚು ಕೊಡಬೇಕು. ವಾರಸಾ ರಜಿಸ್ಟರಿನಲ್ಲಿ ಹೆಸರು ಬರೆದು ವಿಚಾರಿಸಿದ ಮೇಲೆ ಫೇರಫಾರ ಬೀಳುತ್ತದೆ, ಚಾವಡಿಗೆ ಪ್ರತಿ ಅಂಟುತ್ತದೆ, ಸಂಬಂಧಪಟ್ಟವರಿಗೆ ನೋಟೀಸು ಹೋಗುತ್ತದೆ. ಹದಿನೈದು ದಿನದಲ್ಲಿ ತಕರಾರು ಬಾರದಿದ್ದರೆ ಮಂಡಲ ಅಧಿಕಾರಿ ಮಂಜೂರು ಮಾಡುತ್ತಾರೆ. ಈ ಏರ್ಪಾಡಿನ ಬಲವೆಲ್ಲ ನೋಟೀಸಿನಲ್ಲಿದೆ ಎಂದು ಹೇಳುವುದುಂಟು. ನನ್ನ ಪ್ರಕಾರ ಅದರ ದೌರ್ಬಲ್ಯವೂ ಅಲ್ಲೇ ಇದೆ.

ಸಂಹಿತೆಯ 150ನೇ ಕಲಮು ಎರಡು ಬಗೆಯವರಿಗೆ ಲಿಖಿತ ಸೂಚನೆ ಕೊಡಲು ಹೇಳುತ್ತದೆ: ದಾಖಲೆಯಿಂದಲೇ ಹಿತಾಸಕ್ತಿ ಕಾಣುವವರಿಗೆ, ಮತ್ತು ಹಿತಾಸಕ್ತಿ ಇದೆಯೆಂದು ತಲಾಠಿಗೆ ನಂಬಲು ಕಾರಣವಿರುವ ಬೇರೆಯವರಿಗೆ. ಖರೀದಿಯಲ್ಲಿ ಮೊದಲನೆಯದೇ ಸಾಕು, ಮಾರಿದವನ ಹೆಸರು ಉತಾರದಲ್ಲಿ ಇದ್ದೇ ಇರುತ್ತದೆ. ವಾರಸಾದಲ್ಲಿ ಉತಾರದಲ್ಲಿರುವುದು ಸತ್ತವರ ಹೆಸರು. ವಾರಸುದಾರರು ಯಾರೆಂಬುದು ಗೊತ್ತಾಗುವುದು ಅರ್ಜಿಯ ಜೊತೆ ಕೊಟ್ಟ ವಂಶಾವಳಿಯಿಂದ. ಅದನ್ನು ಬರೆದುಕೊಡುವವರು ಹೆಚ್ಚಾಗಿ ಊರಲ್ಲೇ ಉಳಿದ ಗಂಡುಮಕ್ಕಳು. ಹೀಗಾಗಿ ವಂಶಾವಳಿಯಿಂದ ಬಿಟ್ಟುಹೋದವರಿಗೆ ನೋಟೀಸೂ ಹೋಗುವುದಿಲ್ಲ. ನೋಟೀಸು ಹೋಗದವರಿಗೆ ಹದಿನೈದು ದಿನದ ಅವಧಿ ಇದ್ದೂ ಇಲ್ಲದಂತೆ.

ಲೆಕ್ಕ ಹಾಕಿ ನೋಡೋಣ. ಒಬ್ಬ ರೈತ ಸ್ವಂತ ದುಡಿಮೆಯಿಂದ ಕೊಂಡ ನಾಲ್ಕು ಎಕರೆ ಬಿಟ್ಟು, ಮೃತ್ಯುಪತ್ರ ಬರೆಯದೆ ತೀರಿಕೊಂಡ ಎನ್ನಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಹುಕ್ಕೇರಿ ತಾಲೂಕಿಗೆ ಕೊಟ್ಟ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಐವರೂ ಸಮಾನರು. ತಲಾ ಮೂವತ್ತೆರಡು ಗುಂಟೆ. ವಂಶಾವಳಿಯಲ್ಲಿ ತಾಯಿ ಮತ್ತು ಗಂಡುಮಕ್ಕಳಷ್ಟೇ ಬಂದರೆ ಅರವತ್ತನಾಲ್ಕು ಗುಂಟೆ ಕಾಗದದಲ್ಲಿ ಬೇರೆಯವರ ಕೈಸೇರುತ್ತದೆ. "ಅಕ್ಕಂದಿರು ಬಾಯಲ್ಲೇ ಬಿಟ್ಟುಕೊಟ್ಟಾರ" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಹಕ್ಕು ಬಿಡುವುದಾದರೆ ಹಕ್ಕಸೋಡ ಪತ್ರ ನೋಂದಣಿ ಆಗಬೇಕು; ಅದಿಲ್ಲದಿದ್ದರೆ ಐದೂ ಹೆಸರು ಏರಲೇಬೇಕು.

ಇದಕ್ಕೆ ಎರಡು ಆಕ್ಷೇಪಗಳಿವೆ. ಫೇರಫಾರದಿಂದ ಮಾಲಕಿ ಹುಟ್ಟುವುದಿಲ್ಲ, ಅದು ಕಂದಾಯದ ಅನುಕೂಲಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆಯಲ್ಲ, ಹೆಸರು ಬಿಟ್ಟರೆ ನಷ್ಟವೇನು ಎಂಬುದು ಮೊದಲನೆಯದು. ಮಾತು ನಿಜ, ಆದರೆ ಅರ್ಧ. ಅದೇ ಸಂಹಿತೆಯ 157ನೇ ಕಲಮು, ತಪ್ಪೆಂದು ಸಾಬೀತಾಗುವವರೆಗೆ ಮಂಜೂರಾದ ನಮೂದನ್ನು ಸರಿಯೆಂದೇ ಹಿಡಿಯಬೇಕೆನ್ನುತ್ತದೆ. ಸಾಬೀತು ಮಾಡುವ ಭಾರ ಬಿಟ್ಟುಹೋದವಳ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಸಾಲ, ಭೂಸ್ವಾಧೀನದ ಪರಿಹಾರ, ಮಾರಾಟ ಎಲ್ಲ ಉತಾರ ನೋಡಿಯೇ ನಡೆದಿರುತ್ತವೆ. ತಲಾಠಿ ಊರಲ್ಲಿ ವಿಚಾರಿಸುತ್ತಾನಲ್ಲ ಎಂಬುದು ಎರಡನೆಯದು. ವಿಚಾರಣೆ ಇದೆ, ಆದರೆ ರಾಜ್ಯದ ಗಡಿಯಾಚೆ ಸಂಸಾರ ಹೂಡಿದ ಮಗಳ ವಿಳಾಸ ಹೇಳುವವರೂ ಅದೇ ಮನೆಯವರು. ಹೇಗೋ ಅವಳ ಕೈಗೆ ಮರಾಠಿ ನೋಟೀಸು ಸೇರಿದರೂ, ಕನ್ನಡ ಶಾಲೆಯಲ್ಲಿ ಕಲಿತವಳು ಅದನ್ನು ಓದಿಸಿಕೊಳ್ಳುವಷ್ಟರಲ್ಲಿ ದಿನ ಕಳೆದಿರುತ್ತವೆ.

ಆದ್ದರಿಂದ ವಾರಸುದಾರರು ನೋಟೀಸಿಗೆ ಕಾಯದೆ ವಂಶಾವಳಿಯ ಮೇಲೆ ಕಣ್ಣಿಡಬೇಕು. ಅರ್ಜಿ ಹಾಕಲು ಗಂಡುಮಕ್ಕಳೇ ಆಗಬೇಕೆಂದಿಲ್ಲ; ಮರಣ ದಾಖಲೆ, ಸಾತ್‌ಬಾರಾ, ಎಲ್ಲ ವಾರಸುದಾರರ ಹೆಸರು ವಿಳಾಸವಿರುವ ಪ್ರತಿಜ್ಞಾಪತ್ರ, ಗುರುತಿನ ಕಾಗದ ಹಿಡಿದು ಮಗಳೇ ಮೊದಲು ಹೋಗಬಹುದು. ಫೇರಫಾರ ಆಗಲೇ ಬಿದ್ದಿದ್ದರೆ ತಕರಾರನ್ನು ಬರವಣಿಗೆಯಲ್ಲಿ ಕೊಟ್ಟು, ತಂದೆಯ ಹೆಸರಿರುವ ಶಾಲಾ ದಾಖಲೆಯಂಥ ಪುರಾವೆ ಲಗತ್ತಿಸಿ, ಪೋಚು ಪಡೆಯಬೇಕು. ಆ ಪೋಚು ಕೊಡುವುದು ತಲಾಠಿಯ ಕರ್ತವ್ಯ. ಆಗ ಪ್ರಕರಣ ವಿವಾದಿತ ನೋಂದುಗಳ ರಜಿಸ್ಟರಿಗೆ ಹೋಗುತ್ತದೆ, ವಿಚಾರಣೆ ಆಗದೆ ಮಂಜೂರು ಮಾಡುವಂತಿಲ್ಲ. ಆದೇಶ ವಿರುದ್ಧವಾದರೆ ಪ್ರಾಂತಾಧಿಕಾರಿಗೆ ಅರವತ್ತು ದಿನದೊಳಗೆ ಅಪೀಲು. ಹಕ್ಕಿನ ಮೂಲ ಪ್ರಶ್ನೆಗೆ ದಿವಾಣಿ ಕೋರ್ಟೇ ಗತಿ. ಒಂದು ಎಚ್ಚರ: ಕೊಲ್ಹಾಪುರ, ಇಚಲಕರಂಜಿ ಪೇಟೆಯೊಳಗಿನ ಸಿಟಿ ಸರ್ವೆ ಆದ ಮನೆ, ಮಗ್ಗದ ಜಾಗಗಳಿಗೆ ಸಾತ್‌ಬಾರಾ ಬದಲು ಪ್ರಾಪರ್ಟಿ ಕಾರ್ಡು ಇರುತ್ತದೆ, ಅಲ್ಲಿ ಅರ್ಜಿ ನಗರ ಭೂಮಾಪನ ಕಚೇರಿಗೆ.

ತಿದ್ದಬೇಕಾದದ್ದೂ ಹೆಚ್ಚಿಲ್ಲ. ವಂಶಾವಳಿಗೆ ಹೆಣ್ಣುಮಕ್ಕಳ ಸಹಿ ಇಲ್ಲವೇ ಅವರು ತೀರಿಹೋದ ದಾಖಲೆ ಕಡ್ಡಾಯವಾದರೆ, ಗಡಿಭಾಗದಲ್ಲಿ ನೋಟೀಸಿನ ಬೆನ್ನಿಗೆ ಕನ್ನಡವೂ ಬಂದರೆ, 150ನೇ ಕಲಮಿನ 'ನಂಬಲು ಕಾರಣ' ತಲಾಠಿಯ ಕೈಯಲ್ಲಿ ಕಾಗದವಾಗಿಯೇ ಇರುತ್ತದೆ. ಅಲ್ಲಿಯವರೆಗೆ ಚಾವಡಿಯ ಗೋಡೆಗೆ ಅಂಟಿಸಿದ ಚೀಟಿ, ಊರಲ್ಲಿ ಇರುವವರಿಗೆ ಮಾತ್ರ ಓದಲು ಸಿಗುವಂಥದ್ದು.