ಲೌಕಿಕೀಕರಣವಾದದ ಪೂರ್ವಸಾಹಿತ್ಯ ಸಮೀಕ್ಷೆ: ಅದರ ಅಂಗವಿನ್ಯಾಸ

ಆಧುನಿಕತೆಯು ಬೆಳೆದಂತೆಲ್ಲ ಸಮಾಜದಲ್ಲಿ ಮತಧರ್ಮದ ಪ್ರಭಾವವು ಕುಗ್ಗುವುದೆಂಬ ವಾದಕ್ಕೆ ಸಮಾಜಶಾಸ್ತ್ರದಲ್ಲಿ ಲೌಕಿಕೀಕರಣವಾದವೆಂದು ಹೆಸರು. ಎಂ.ಎ. ತರಗತಿಯ ಸೆಮಿನಾರಿಗಾಗಿ ಈ ವಾದದ ಪೂರ್ವಸಾಹಿತ್ಯವನ್ನು ಸಮೀಕ್ಷಿಸಲು ಹೊರಟವರು ಬಹುಮಟ್ಟಿಗೆ ಕಾಲಾನುಕ್ರಮವನ್ನೇ ಹಿಡಿಯುವರು. ಮೊದಲು ವೇಬರ್ ಮತ್ತು ಡರ್ಕ್‌ಹೈಮ್. ಅನಂತರ 1966ರಲ್ಲಿ ಬ್ರಯನ್ ವಿಲ್ಸನ್, 1967ರಲ್ಲಿ ಪೀಟರ್ ಬರ್ಜರ್. ಆಮೇಲೆ 1979ರ ಇರಾನಿನ ಕ್ರಾಂತಿ. ಕಟ್ಟಕಡೆಗೆ 1999ರಲ್ಲಿ ಬರ್ಜರರೇ ತಮ್ಮ ಹಿಂದಿನ ಮತವನ್ನು ಬಿಟ್ಟುಕೊಟ್ಟರೆಂಬ ಸಂಗತಿ. ವಾದವು ಹುಟ್ಟಿತು, ಬೆಳೆಯಿತು, ಮಡಿಯಿತು ಎಂಬ ಕಥೆಯು ಹೀಗೆ ಸುಲಭವಾಗಿ ಸಿದ್ಧವಾಗುತ್ತದೆ. ಓದುವುದಕ್ಕೆ ಇದು ಹಿತವಾಗಿದ್ದರೂ ವಿಷಯಕ್ಕೆ ನ್ಯಾಯವನ್ನು ಸಲ್ಲಿಸುವುದಿಲ್ಲ.

ಮೊದಲನೆಯದಾಗಿ, ಗ್ರಂಥಗಳ ಕಾಲವೇ ಈ ಕಥೆಗೆ ಒಡಂಬಡುವುದಿಲ್ಲ. ಲೌಕಿಕೀಕರಣವೆಂಬ ಪರಿಭಾಷೆಯನ್ನೇ ತೊಡೆದುಹಾಕಬೇಕೆಂದು ಡೇವಿಡ್ ಮಾರ್ಟಿನ್ನರು ವಾದಿಸಿದುದು 1965ರಲ್ಲಿ. ಎಂದರೆ ವಿಲ್ಸನ್, ಬರ್ಜರರ ಪ್ರಸಿದ್ಧ ಗ್ರಂಥಗಳು ಹೊರಬರುವುದಕ್ಕೆ ಮುಂಚೆ. ಅದೇ ಮಾರ್ಟಿನ್ನರು 1978ರಲ್ಲಿ ಲೌಕಿಕೀಕರಣದ ಸಾಮಾನ್ಯ ಸಿದ್ಧಾಂತವೊಂದನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಇತ್ತ, ವಾದವು ಮಡಿಯಿತೆಂದು ಹೇಳಲಾದ ಬಳಿಕವೂ ಸ್ಟೀವ್ ಬ್ರೂಸರು 2002ರಲ್ಲಿಯೂ 2011ರಲ್ಲಿಯೂ ಅದನ್ನು ಸಮರ್ಥಿಸಿ ಗ್ರಂಥಗಳನ್ನು ಬರೆದರು. ಖಂಡನೆಯು ಮಂಡನೆಗೆ ಮೊದಲೇ ಬಂದು, ಮಂಡನೆಯು ಖಂಡನೆಯ ಬಳಿಕವೂ ಉಳಿದಿರುವಲ್ಲಿ ವರ್ಷಗಳ ಸಾಲು ವಿಚಾರದ ಸಾಲಾಗಲಾರದು.

ಎರಡನೆಯ ಕಾರಣವು ಇದಕ್ಕಿಂತ ಆಳವಾದುದು. ಲೌಕಿಕೀಕರಣವೆಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಪ್ರತಿಜ್ಞೆಗಳು ಅಡಗಿವೆಯೆಂಬುದನ್ನು ಹೊಸೆ ಕಸನೋವರು 1994ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ರಾಜ್ಯ, ಅರ್ಥವ್ಯವಹಾರ, ವಿಜ್ಞಾನ ಮೊದಲಾದುವು ಮತಸಂಸ್ಥೆಯ ಹಿಡಿತದಿಂದ ಬೇರ್ಪಡುವುವೆಂಬುದು ಮೊದಲನೆಯದು. ಜನರ ನಂಬಿಕೆ ಆಚರಣೆಗಳು ಕ್ಷೀಣಿಸುವುವೆಂಬುದು ಎರಡನೆಯದು. ಮತಧರ್ಮವು ಸಾರ್ವಜನಿಕ ಜೀವನದಿಂದ ಸರಿದು ಮನೆಯೊಳಗಣ ವಿಷಯವಾಗುವುದೆಂಬುದು ಮೂರನೆಯದು. ಸ್ಪೇನ್, ಪೋಲೆಂಡ್, ಬ್ರೆಜಿಲ್, ಅಮೆರಿಕಾ ದೇಶಗಳ ನಿದರ್ಶನಗಳಿಂದ ಅವರು ಮೊದಲನೆಯದನ್ನು ಉಳಿಸಿಕೊಂಡರು. ಎರಡನೆಯದು ಕೆಲವು ದೇಶಗಳಿಗೆ ಮಾತ್ರ ಸಲ್ಲುವುದೆಂದರು. ಮೂರನೆಯದು ಅನಿವಾರ್ಯವಲ್ಲವೆಂದು ನಿರ್ಣಯಿಸಿದರು. ಸಮೀಕ್ಷೆಯ ಭಾಗಗಳನ್ನು ಗ್ರಂಥಕರ್ತರ ಹೆಸರಿನಿಂದ ವಿಂಗಡಿಸದೆ ಈ ಪ್ರತಿಜ್ಞೆಗಳಿಂದ ವಿಂಗಡಿಸುವುದು ಯುಕ್ತವಾದ ಕ್ರಮವು.

ಈ ವಿಂಗಡಣೆಯಿಂದ ಬರ್ಜರರ ಮತತ್ಯಾಗದ ಸ್ವರೂಪವೇ ಬದಲಾಗುತ್ತದೆ. 1999ರಲ್ಲಿ ಅವರು ಬಿಟ್ಟುಕೊಟ್ಟುದು ಆಧುನಿಕತೆಯು ಎಲ್ಲೆಡೆಯೂ ಮತಧರ್ಮದ ಇಳಿತವನ್ನು ಉಂಟುಮಾಡಿಯೇ ತೀರುವುದೆಂಬ ನಿಯಮವನ್ನು. ಎಂದರೆ ಎರಡನೆಯ ಪ್ರತಿಜ್ಞೆಯ ಸಾರ್ವತ್ರಿಕತೆಯನ್ನು. ಪಶ್ಚಿಮ ಯೂರೋಪನ್ನೂ, ಪಾಶ್ಚಾತ್ಯ ಮಾದರಿಯ ಉಚ್ಚಶಿಕ್ಷಣವನ್ನು ಪಡೆದ ಒಂದು ವರ್ಗವನ್ನೂ ಅವರು ಆಗಲೂ ಅಪವಾದವೆಂದು ಹೇಳಿದರು. ಹಲವು ಮತಗಳು ಅಕ್ಕಪಕ್ಕದಲ್ಲಿರುವಲ್ಲಿ ಯಾವ ಮತವೂ ಸ್ವತಃಸಿದ್ಧವಾಗಿ ತೋರದೆಂಬ ತಮ್ಮ ಹಳೆಯ ವಿಚಾರವನ್ನಂತೂ ಅವರು ಕೈಬಿಡಲಿಲ್ಲ. 2014ರ ಗ್ರಂಥದಲ್ಲಿ ಅದನ್ನೇ ವಿಸ್ತರಿಸಿದರು. "ಬರ್ಜರರು ವಾದವನ್ನು ತ್ಯಜಿಸಿದರು" ಎಂಬ ಒಂದೇ ವಾಕ್ಯದಿಂದ ಅಧ್ಯಾಯವನ್ನು ಮುಗಿಸುವ ಪ್ರಬಂಧದಲ್ಲಿ ಏನನ್ನು ತ್ಯಜಿಸಿದರೆಂಬ ಪ್ರಶ್ನೆಯೇ ಏಳುವುದಿಲ್ಲ. ರಚನೆಯ ದೋಷವನ್ನು ಗುರುತಿಸುವುದಕ್ಕೆ ಇದೊಂದು ನಂಬತಕ್ಕ ಲಕ್ಷಣ.

ಪ್ರತಿಜ್ಞೆಯೊಂದರ ಒಳಗೆ ಗ್ರಂಥಗಳನ್ನು ಹೇಗೆ ಎದುರುಬದುರಾಗಿ ನಿಲ್ಲಿಸಬೇಕೆಂಬುದಕ್ಕೆ ಬ್ರಿಟನ್ನಿನ ಚರ್ಚೆಯು ಒಳ್ಳೆಯ ನಿದರ್ಶನ. ಅಲ್ಲಿಯ ಜನರು ಚರ್ಚಿಗೆ ಸೇರದಿದ್ದರೂ ನಂಬಿಕೆಯನ್ನು ಉಳಿಸಿಕೊಂಡಿರುವರೆಂದು ಗ್ರೇಸ್ ಡೇವಿಯವರು 1994ರಲ್ಲಿ ಹೇಳಿದರು. ಡೇವಿಡ್ ವೋಸ್ ಮತ್ತು ಅಲಸ್ಡೇರ್ ಕ್ರಾಕೆಟ್ಟರು 2005ರಲ್ಲಿ ಇದನ್ನು ಅಲ್ಲಗಳೆದರು. ಇಬ್ಬರ ಮಾತನ್ನೂ ಒಂದೊಂದು ಕಂಡಿಕೆಯಲ್ಲಿ ಸಂಗ್ರಹಿಸಿ, ಭಿನ್ನಾಭಿಪ್ರಾಯವಿದೆಯೆಂದು ಬರೆದರೆ ಸಮೀಕ್ಷೆಯಾಗದು. ಯಾವ ಸಾಕ್ಷ್ಯದಿಂದ ಈ ವ್ಯಾಜ್ಯವು ತೀರುವುದೆಂಬುದನ್ನು ಮೊದಲು ಹೇಳಬೇಕು. ನಂಬಿಕೆಯು ನಿಜವಾಗಿ ಉಳಿದಿದ್ದರೆ, ಚರ್ಚಿನ ಹಾಜರಿ ಇಳಿದರೂ ನಂಬುವವರ ಪ್ರಮಾಣವು ತಲೆಮಾರಿನಿಂದ ತಲೆಮಾರಿಗೆ ಇಳಿಯಬಾರದು. ಎಡೆಬಿಡದೆ ನಡೆದ ಸಾಮಾಜಿಕ ಸಮೀಕ್ಷೆಗಳ ಅಂಕಿಗಳನ್ನು ಜನ್ಮಕಾಲದ ಪ್ರಕಾರ ವಿಂಗಡಿಸಿ ನೋಡಿದಾಗ ಹಾಜರಿ, ಮತದ ಗುರುತು, ನಂಬಿಕೆ ಮೂರೂ ಒಟ್ಟಿಗೆ ಇಳಿಯುತ್ತಿರುವುದು ವೋಸ್ ಮತ್ತು ಕ್ರಾಕೆಟ್ಟರಿಗೆ ಕಂಡಿತು. ತಂದೆತಾಯಿಗಳಿಬ್ಬರೂ ಮತನಿಷ್ಠರಾದ ಮನೆಗಳಲ್ಲಿಯೂ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಆ ನಿಷ್ಠೆಯು ಸಾಗುತ್ತದೆಂದು ಅವರು ಎಣಿಸಿದರು. ವಯಸ್ಸಾದಂತೆ ಜನರು ಮತಕ್ಕೆ ಮರಳುವರೆಂಬ ಸಮಾಧಾನವು ಈ ಎಣಿಕೆಯ ಮುಂದೆ ನಿಲ್ಲದು. ಏಕೆಂದರೆ ಇಳಿತವು ವಯಸ್ಸಿನದಲ್ಲ, ತಲೆಮಾರಿನದು.

ಇಂತಹ ಪ್ರಬಂಧವು 4000 ಪದಗಳದಾದರೆ ಪ್ರಶ್ನೆಗೂ ಪರಿಭಾಷೆಗೂ 600, ಮೂರು ಪ್ರತಿಜ್ಞೆಗಳಿಗೆ 2400, ಅವುಗಳ ಪರಸ್ಪರ ಸಂಬಂಧಕ್ಕೆ 600, ನಿರ್ಣಯಕ್ಕೆ 400 ಪದಗಳನ್ನು ಇಡಬಹುದು. ಪ್ರತಿ ಪ್ರತಿಜ್ಞೆಯಲ್ಲಿಯೂ ಮೀಮಾಂಸಕರ ಅಧಿಕರಣದಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳು ಕ್ರಮವಾಗಿ ಬಂದರೆ, ಗ್ರಂಥಗಳು ತಾವಾಗಿಯೇ ತಮ್ಮ ಸ್ಥಾನವನ್ನು ಕಂಡುಕೊಳ್ಳುವುವು. ಒಬ್ಬನೇ ಗ್ರಂಥಕರ್ತನು ಎರಡು ಭಾಗಗಳಲ್ಲಿ ಬಂದರೆ ಅದು ದೋಷವಲ್ಲ.

ಪರಸ್ಪರ ಸಂಬಂಧದ ಭಾಗವನ್ನು ಬಿಡಲಾಗದು. ಮೂರು ಪ್ರತಿಜ್ಞೆಗಳನ್ನು ಬಿಡಿಸಿಡುವ ಕ್ರಮಕ್ಕೂ ಒಂದು ಮಿತಿಯುಂಟು. ಮತಧರ್ಮವು ಸಾರ್ವಜನಿಕ ರಂಗಕ್ಕೆ ಮರಳಿ ಬಂದು ಕಾನೂನು, ಶಿಕ್ಷಣ, ರಾಜಕಾರ್ಯಗಳನ್ನು ಪ್ರಶ್ನಿಸತೊಡಗಿದರೆ, ಅವು ಮತದಿಂದ ಬೇರ್ಪಟ್ಟಿವೆಯೆಂಬ ಮೊದಲನೆಯ ಪ್ರತಿಜ್ಞೆಯೂ ಅಲುಗುವುದೆಂದು ತಲಾಲ್ ಅಸದರು 2003ರಲ್ಲಿ ಕಸನೋವರಿಗೆ ಆಕ್ಷೇಪವನ್ನೊಡ್ಡಿದರು. ಈ ಆಕ್ಷೇಪವು ಯಾವ ಒಂದು ಭಾಗಕ್ಕೂ ಸೇರದೆ ಭಾಗಗಳ ನಡುವಣ ಗಡಿಗೆ ಸೇರುವುದರಿಂದ ಅದಕ್ಕೆ ಪ್ರತ್ಯೇಕ ಸ್ಥಳವು ಬೇಕು.

ಭಾರತದ ವಿಷಯವನ್ನು ಎತ್ತಿಕೊಳ್ಳುವ ವಿದ್ಯಾರ್ಥಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ರಾಜ್ಯನೀತಿಯಾದ ಧರ್ಮನಿರಪೇಕ್ಷತೆಯೂ ಸಮಾಜದಲ್ಲಿ ನಡೆಯುವ ಲೌಕಿಕೀಕರಣವೂ ಒಂದಲ್ಲ. ಮೊದಲನೆಯದನ್ನು ಕುರಿತ ಗ್ರಂಥಗಳು ಎರಡನೆಯದಕ್ಕೆ ಸಾಕ್ಷಿಯಾಗಲಾರವು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು 1966ರ ತಮ್ಮ ಗ್ರಂಥದಲ್ಲಿ ಲೌಕಿಕೀಕರಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಹಿಂದೂ ಸಮಾಜದಲ್ಲಿ ಮಡಿಮೈಲಿಗೆಯ ಭಾವನೆಯು ಸಡಿಲವಾಗುವುದನ್ನು ಅದರ ಮುಖ್ಯ ಲಕ್ಷಣವಾಗಿ ಎಣಿಸಿದರು. ಸದಸ್ಯರ ಪಟ್ಟಿಯಾಗಲಿ ವಾರದ ಹಾಜರಿಯಾಗಲಿ ಇಲ್ಲದ ಮತಧರ್ಮದಲ್ಲಿ ಎರಡನೆಯ ಪ್ರತಿಜ್ಞೆಯನ್ನು ಬ್ರಿಟನ್ನಿನ ಅಳತೆಗೋಲಿನಿಂದ ಅಳೆಯಲಾಗದು; ಅಳತೆಯನ್ನೇ ಬೇರೆಯಾಗಿ ಆರಿಸಬೇಕಾಗುತ್ತದೆ. ಕಾಲಾನುಕ್ರಮದ ಪ್ರಬಂಧದಲ್ಲಿ ಶ್ರೀನಿವಾಸರು ವಿಲ್ಸನ್ನರ ಪಕ್ಕದಲ್ಲಿ, ಒಂದೇ ವರ್ಷದವರೆಂಬ ಕಾರಣದಿಂದ ಮಾತ್ರ ನಿಲ್ಲುವರು. ಪ್ರತಿಜ್ಞೆಯ ಕ್ರಮದಲ್ಲಿ ಅವರ ಅಧ್ಯಾಯವು ವಿಲ್ಸನ್ನರ ಅಳತೆಗೋಲನ್ನೇ ಪ್ರಶ್ನಿಸುವ ಸ್ಥಾನಕ್ಕೆ ಬರುತ್ತದೆ.