ನಿಷೇಧಪಟ್ಟಿಯಲ್ಲಿ ಪದವೆಂದರೆ ಏನು? ಪ್ರಾಂಪ್ಟ್ ಶೈಲಿ ಕೈಪಿಡಿಯ ಒಂದು ವಿಮರ್ಶೆ

ಭಾಷಾಮಾದರಿಗಳಿಂದ ಜಾಹೀರಾತು ಬರಹ ಪಡೆಯುವ ಸಂಸ್ಥೆಗಳು ತಮ್ಮ ಒಳತಂಡಕ್ಕಾಗಿ ಪ್ರಾಂಪ್ಟ್ ಶೈಲಿ ಕೈಪಿಡಿಗಳನ್ನು ರೂಪಿಸಿಕೊಳ್ಳುತ್ತಿವೆ. ಇವುಗಳಲ್ಲಿ ಸಾಮಾನ್ಯವಾಗಿ ಅನುಮೋದಿತ ನುಡಿಗಟ್ಟುಗಳು, ನಿಷಿದ್ಧ ಪದಗಳು, ಮಾದರಿ ಉದಾಹರಣೆಗಳು ಎಂಬ ಮೂರು ಭಾಗಗಳಿರುತ್ತವೆ. ಇದೇ ಪಟ್ಟಿ ಮಾದರಿಗೆ ಸೂಚನೆಯಾಗಿಯೂ ಹೊರಬಂದ ಬರಹವನ್ನು ತಪಾಸಿಸುವ ಸಾಧನವಾಗಿಯೂ ಬಳಕೆಯಾಗುತ್ತದೆ. ಈ ಪ್ರಕಾರವು ‘ಪದ’ವನ್ನು ಲಿಪಿಯ ಸರಣಿಯೆಂದಷ್ಟೇ ಗ್ರಹಿಸುತ್ತದೆ ಎಂಬುದು ನಮ್ಮ ಆಕ್ಷೇಪ. ಅದನ್ನು ಸ್ಪಷ್ಟಪಡಿಸಲು ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ ತೊಗರಿ ಬೇಳೆ ಪೊಟ್ಟಣ ಕಟ್ಟಿ ಮಾರುವ ಒಂದು ಕಲ್ಪಿತ ಬ್ರ್ಯಾಂಡಿಗಾಗಿ ಕಿರುಕೈಪಿಡಿಯೊಂದನ್ನು ನಾವೇ ರಚಿಸಿ ಪರೀಕ್ಷಿಸಿದ್ದೇವೆ.

ಅದರ ಮೊದಲ ನಿಯಮ: ‘ಕಲಬುರಗಿ’ ಅನುಮೋದಿತ, ‘ಗುಲ್ಬರ್ಗಾ’ ನಿಷಿದ್ಧ. 2014ರ ನವೆಂಬರ್ 1ರಂದು ನಗರದ ಅಧಿಕೃತ ಹೆಸರು ಬದಲಾಗಿರುವುದರಿಂದ ನಿಯಮ ಸಹಜವಾಗಿಯೇ ತೋರುತ್ತದೆ. ಆದರೆ ಕನ್ನಡದಲ್ಲಿ ಈ ಹೆಸರು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ‘ಗುಲ್ಬರ್ಗಾದಲ್ಲಿ’ ಎಂದು ಬರೆದರೆ ಸರಣಿ ಹೊಂದುತ್ತದೆ. ‘ಗುಲ್ಬರ್ಗದಲ್ಲಿ’ ಎಂದು ಬರೆದರೆ ದೀರ್ಘಸ್ವರ ಹ್ರಸ್ವವಾಗಿ ತಪಾಸಣೆಯಿಂದ ಜಾರಿಹೋಗುತ್ತದೆ. ‘ಗುಲಬರ್ಗಾ’ ಎಂಬ ಬರಹರೂಪವೂ ಹಾಗೆಯೇ. ಈ ಕೊರತೆಯನ್ನು ತುಂಬುವುದು ಕಷ್ಟವಲ್ಲ:

```
ಗುಲ್?ಬರ್ಗಾ?
```

ಈ ವಿನ್ಯಾಸದಲ್ಲಿ ವಿರಾಮಚಿಹ್ನೆಯೂ ದೀರ್ಘಚಿಹ್ನೆಯೂ ಐಚ್ಛಿಕವಾಗಿರುವುದರಿಂದ ಮೇಲಿನ ಎಲ್ಲ ರೂಪಗಳೂ ಸಿಕ್ಕುತ್ತವೆ. ನಿಜವಾದ ತೊಡಕು ಆರಂಭವಾಗುವುದು ಅನಂತರ. ಈ ಬೇಳೆಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕದ ನೋಂದಾಯಿತ ಹೆಸರು ‘ಗುಲ್ಬರ್ಗಾ ತೂರ್ ದಾಲ್’. ಗುಲಬರ್ಗಾ ವಿಶ್ವವಿದ್ಯಾಲಯವೂ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ನಮ್ಮ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಬರಹವು ‘ಕಲಬುರಗಿ ತೂರ್ ದಾಲ್’ ಎಂಬ, ನೋಂದಣಿಯಲ್ಲಿ ಇಲ್ಲದ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಮಾಡಿಸುತ್ತದೆ. ಊರನ್ನು ನಿರ್ದೇಶಿಸುವ ಸ್ಥಳನಾಮವೂ ಇನ್ನೊಂದು ಅಂಕಿತನಾಮದ ಅಂಗವಾಗಿರುವ ಅದೇ ರೂಪವೂ ಬೇರೆಬೇರೆ ಎಂಬುದನ್ನು ಯಾವ ಸರಣಿಯೂ ಹೇಳಲಾರದು. ರೂಪವೈವಿಧ್ಯದ ಸಮಸ್ಯೆಗೆ ತಾಂತ್ರಿಕ ಪರಿಹಾರವಿದೆ. ಬಳಕೆಯ ಸಮಸ್ಯೆಗೆ ಆ ಪರಿಹಾರ ಸಾಲದು.

ಎರಡನೆಯ ನಿಯಮ ಅರ್ಥಕ್ಕೆ ಸಂಬಂಧಿಸಿದ್ದು. ಬ್ರ್ಯಾಂಡಿನ ಘನತೆ ಕಾಯಲು ‘ಅಗ್ಗ’ ನಿಷಿದ್ಧ. ಪದಾದಿಯ ಸರಣಿಯನ್ನು ಹುಡುಕಿದರೆ ‘ಅಗ್ಗದ’, ‘ಅಗ್ಗವಾಗಿ’ ಸಿಕ್ಕುತ್ತವೆ; ಅವುಗಳೊಂದಿಗೆ ಶ್ರೇಷ್ಠತೆಯನ್ನು ಸೂಚಿಸುವ ‘ಅಗ್ಗಳಿಕೆ’ಯೂ ಸಿಕ್ಕಿಬೀಳುತ್ತದೆ. ಅತ್ತ ಅದೇ ಅರ್ಥದ ‘ಸೋವಿ’ ನಿರಾತಂಕವಾಗಿ ಪಾರಾಗುತ್ತದೆ. ನಿಷೇಧದ ಉದ್ದೇಶ ಒಂದು ಅರ್ಥಕ್ಷೇತ್ರ. ಪಟ್ಟಿ ಹಿಡಿಯುವುದು ಒಂದು ಬರಹರೂಪ. ಈ ಅಂತರವನ್ನು ಇನ್ನಷ್ಟು ಪದಗಳನ್ನು ಸೇರಿಸಿ ಮುಚ್ಚಲು ಹೊರಟರೆ ಪಟ್ಟಿ ಬೆಳೆಯುತ್ತದೆ, ಅಂತರ ಉಳಿಯುತ್ತದೆ.

ಮಾದರಿ ಉದಾಹರಣೆಗಳ ಭಾಗದ ತೊಂದರೆ ಬೇರೆ ಬಗೆಯದು. ನಿಯಮವಾಗಿ ಹೇಳದ ಎಷ್ಟೋ ಲಕ್ಷಣಗಳನ್ನು ಉದಾಹರಣೆಗಳು ಮಾದರಿಗೆ ದಾಟಿಸುತ್ತವೆ. ‘ಸ್ಥಳೀಯ ಸೊಗಡು ಇರಲಿ’ ಎಂಬ ಸೂಚನೆಯ ಕೆಳಗೆ ‘ನಮ್ಮ ಬ್ಯಾಳಿ ಭಾಳ ಚಲೋ ಐತಿ, ಒಮ್ಮೆ ತಗೋರಿ’ ಎಂಬ ವಾಕ್ಯವನ್ನು ಕೊಟ್ಟರೆ ‘ಐತಿ’ಯೇ ಪ್ರತಿಫಲಿಸುವ ಸಂಭವ ಹೆಚ್ಚು. ಕಲಬುರಗಿಯ ಆಡುನುಡಿಯಲ್ಲಿ ಆ ಸ್ಥಾನದಲ್ಲಿ ರೂಢಿಯಲ್ಲಿರುವುದು ‘ಅದ’. ಉತ್ತರ ಕರ್ನಾಟಕದ ಕನ್ನಡವೆಲ್ಲ ಒಂದೇ ಎಂಬ ಊಹೆಯನ್ನು ಕೈಪಿಡಿ ಎಲ್ಲಿಯೂ ಬರೆದಿರುವುದಿಲ್ಲ. ಉದಾಹರಣೆಯೇ ಅದನ್ನು ಬೋಧಿಸುತ್ತದೆ. ‘ತಗೋರಿ’ಯ ಗೌರವಸೂಚಕ ‘-ರಿ’ ಈ ಭಾಗಕ್ಕೂ ಸಲ್ಲುವುದರಿಂದ ಹೊರಗಿನ ಸಂಪಾದಕರಿಗೆ ವಾಕ್ಯವಿಡೀ ಸರಿಯೆನಿಸಬಹುದು. ದೋಷವನ್ನು ಗುರುತಿಸಬಲ್ಲವರು ಆ ನುಡಿಯನ್ನು ಮನೆಯಲ್ಲಿ ಆಡುವ ಓದುಗರು, ಅಂದರೆ ಬ್ರ್ಯಾಂಡಿನ ಮೊದಲ ಗಿರಾಕಿಗಳು.

ಹಾಗೆಂದು ಇಂಥ ಕೈಪಿಡಿಗಳು ನಿರರ್ಥಕವೆಂಬುದು ನಮ್ಮ ವಾದವಲ್ಲ. ವಿಳಾಸದ ಬರಹರೂಪದಂತಹ ವಿಷಯಗಳಲ್ಲಿ ಸರಣಿಯಷ್ಟೇ ಸಾಕು: ‘ಐವಾನ್-ಎ-ಶಾಹಿ’ಯಲ್ಲಿನ ಫಾರಸಿ ಸಂಬಂಧಸೂಚಕ ಸ್ವರವನ್ನು ‘ಎ’ ಎಂದೋ ‘ಇ’ ಎಂದೋ ಬರೆಯಬಹುದಾದ್ದರಿಂದ ಒಂದನ್ನು ಆರಿಸಿ ಎಲ್ಲೆಡೆ ಪಾಲಿಸುವುದೇ ಉಚಿತ. ಉಳಿದ ನಮೂದುಗಳಿಗೆ ಮೂರು ಅಂಕಣಗಳು ಬೇಕು: ನಿಷೇಧ ಯಾವ ಅರ್ಥಕ್ಕೆ, ಯಾವ ರೂಪಗಳಿಗೆ, ಯಾವ ಅಂಕಿತನಾಮಗಳನ್ನು ಬಿಟ್ಟು. ‘ಗುಲ್ಬರ್ಗಾ’ದ ಮುಂದೆ ಈ ಮೂರನೆಯ ಅಂಕಣ ತುಂಬಿದ್ದರೆ ಪೊಟ್ಟಣದ ಮೇಲಿನ ಹೆಸರು ನೋಂದಣಿಯಲ್ಲಿರುವಂತೆಯೇ ಉಳಿಯುತ್ತಿತ್ತು. ಅದನ್ನು ತುಂಬುವುದು ಪದಪಟ್ಟಿಯಿಂದ ಆಗುವ ಕೆಲಸವಲ್ಲ. ಬಳಕೆಯ ವಿವರಣೆಯಿಂದ ಆಗಬೇಕಾದದ್ದು.